ಗುರ್ತ ಸಿಕ್ಕಿತಾ ಎಂದು ಕೇಳುವುದನ್ನು ಬಿಟ್ಟ ಮೇಲೆ

ನಮ್ಮ ಕಾಸರಗೋಡಿನ ಕಡೆ ವಯಸ್ಸಾದವರನ್ನು ನೋಡಲು ಬಂದವರು ಜಗಲಿ ಹತ್ತುವ ಮೊದಲೇ ಕೇಳುವ ಮಾತೊಂದು ಉಂಟು: "ಗುರ್ತ ಸಿಕ್ಕಿತಾ?" ಪ್ರೀತಿಯಿಂದಲೇ ಕೇಳುತ್ತಾರೆ. ನಮ್ಮ ದೊಡ್ಡಮ್ಮ ಆಗ ಸೆರಗಿನ ತುದಿ ಹಿಡಿದು ತಿರುಚುತ್ತಿದ್ದರು. ನಗುತ್ತಿದ್ದರು. ಗುರ್ತ ಸಿಕ್ಕಿರುತ್ತಿರಲಿಲ್ಲ.

ನಾನು ಬದಿಯಡ್ಕದ ಹತ್ತಿರದವನು. 31 ವರ್ಷ ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದೆ. ದೊಡ್ಡಮ್ಮ ಅಂದರೆ ನನ್ನ ತಂದೆಯ ಅಣ್ಣನ ಹೆಂಡತಿ. 1941ರಲ್ಲಿ ಹುಟ್ಟಿದವರು. ಮಕ್ಕಳಿಲ್ಲ, ನಮ್ಮ ಜೊತೆಗೇ ಇದ್ದಾರೆ. ನೆನಪು ಜಾರತೊಡಗಿ ಐದು ವರ್ಷವಾಯಿತು. ಮೊದಲ ಒಂದು ವರ್ಷ ಅವರ ಜೊತೆ ನಾನು ಮಾತಾಡಿದ್ದೆಲ್ಲ ಪರೀಕ್ಷೆಯೇ. "ಬೆಳಿಗ್ಗೆ ಎಂತ ತಿಂದಿರಿ ದೊಡ್ಡಮ್ಮ?" "ಇವತ್ತು ಯಾವ ವಾರ?" "ನಿನ್ನೆ ಬಂದದ್ದು ಯಾರು, ಹೇಳಿ ನೋಡುವ." ಕೇಳುತ್ತಾ ಇದ್ದರೆ ಬುದ್ಧಿ ಚುರುಕಾಗಿ ಉಳಿದೀತು ಅಂತ ನನ್ನ ಲೆಕ್ಕ. ಮಾಷ್ಟ್ರ ಚಾಳಿ, ಬೇರೇನಲ್ಲ. ಅವರು ನನ್ನನ್ನು ಕಂಡರೆ ಒಳಗೆ ಎದ್ದು ಹೋಗಲು ಶುರು ಮಾಡಿದ ಮೇಲೆ ಏನೋ ತಪ್ಪುತ್ತಿದೆ ಅಂತ ಗೊತ್ತಾಯಿತು.

ಡಾಕ್ಟರಲ್ಲಿ ಹೋದಾಗ ಇನ್ನೊಂದು ವಿಷಯ ಕಂಡಿತು. ಅವರು ಕೇಳಿದ್ದು ಮಲಯಾಳದಲ್ಲಿ. ಒಳ್ಳೆಯ ಮನುಷ್ಯ, ಮೆಲ್ಲಗೇ ಕೇಳಿದರು. ದೊಡ್ಡಮ್ಮನಿಗೆ ಮಲಯಾಳ ಬಂದದ್ದು ಮದುವೆಯಾದ ಮೇಲೆ, ರೇಶನ್ ಅಂಗಡಿಯಲ್ಲಿ, ಪಂಚಾಯತಿನಲ್ಲಿ. ಕಡೆಗೆ ಬಂದ ಭಾಷೆ ಮೊದಲು ಜಾರಿತ್ತು. ಅವರು ಸುಮ್ಮನೆ ಕೂತರು. ಅದೇ ಪ್ರಶ್ನೆಯನ್ನು ನಾನು ಮನೆಮಾತು ಹವ್ಯಕದಲ್ಲಿ ಹೇಳಿದಾಗ ಅರ್ಧಕ್ಕೆ ಉತ್ತರ ಬಂತು. ಜಿಲ್ಲೆ ಯಾವುದು ಅಂದದ್ದಕ್ಕೆ "ದಕ್ಷಿಣ ಕನ್ನಡ" ಅಂದರು. ರಾಜ್ಯ? "ಮದ್ರಾಸು." ಡಾಕ್ಟರು ತಪ್ಪು ಅಂತ ಬರೆದುಕೊಂಡರು. ತಪ್ಪು ಹೌದು, ಆದರೆ ಬರೀ ತಪ್ಪಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ತಾಲೂಕು ಅಲ್ಲೇ ಇತ್ತಲ್ವಾ? ಆಗ ಅವರಿಗೆ 15 ವರ್ಷ. ದೊಡ್ಡಮ್ಮ ಈಗ ಯಾವ ಕಾಲದಲ್ಲಿ ಇರುತ್ತಾರೆ ಅನ್ನುವುದು ಆ ಎರಡು ಉತ್ತರದಲ್ಲಿ ನನಗೆ ಸಿಕ್ಕಿತು.

ಮನೆಗೆ ಬಂದು ಮೊದಲು ಮಾಡಿದ್ದು, ಅವರನ್ನು ನೋಡಿಕೊಳ್ಳುವ ಹೆಂಗಸಿಗೆ ತುಳುವಿನಲ್ಲೇ ಮಾತಾಡಲು ಹೇಳಿದ್ದು. ಆಕೆಗೆ ಮಲಯಾಳ, ತುಳು ಎರಡೂ ಬರುತ್ತಿತ್ತು, ಅಲ್ಲಿವರೆಗೆ ಮಾತಾಡುತ್ತಿದ್ದದ್ದು ಮಲಯಾಳದಲ್ಲಿ. ದೊಡ್ಡಮ್ಮ ತೋಟದ ಆಳುಗಳ ಜೊತೆ ಚಿಕ್ಕಂದಿನಲ್ಲೇ ತುಳು ಕಲಿತವರು. ಅದು ಇನ್ನೂ ಗಟ್ಟಿಯಾಗಿತ್ತು. ಸ್ನಾನಕ್ಕೆ ಕರೆದರೆ ಸಿಟ್ಟಾಗುತ್ತಿದ್ದವರು ಒಂದು ವಾರದಲ್ಲಿ ತಗ್ಗಿದರು. ಅಷ್ಟು ದಿನ ಅವರಿಗೆ ಸಿಟ್ಟು ಬರುತ್ತಿದ್ದದ್ದು ಸ್ನಾನಕ್ಕಲ್ಲ, ಅರ್ಥವಾಗದ ಮಾತಿಗೆ.

ಇನ್ನು ಸಂಜೆಯ ವಿಷಯ. ನಾನು ಕಲಿತದ್ದು ಜಾಸ್ತಿ ಅಲ್ಲಿಯೇ.

ಐದು ಗಂಟೆ ಕಳೆದು ತೋಟದ ಕಡೆ ಕತ್ತಲು ಕಟ್ಟುವ ಹೊತ್ತಿಗೆ ದೊಡ್ಡಮ್ಮ ಎದ್ದು ಸೀರೆ ಮಡಚಿ ಕಟ್ಟು ಕಟ್ಟುತ್ತಿದ್ದರು. "ಎನಗೆ ಮನಗೆ ಹೋಯೆಕ್ಕು. ಅಬ್ಬೆ ಕಾಯ್ತಾ ಇಕ್ಕು." ಮನೆಗೆ ಹೋಗಬೇಕು, ಅಮ್ಮ ಕಾಯುತ್ತಿರಬಹುದು ಅಂತ. ಮರೆವಿನ ಕಾಯಿಲೆಯವರಿಗೆ ಸಂಜೆ ಹೊತ್ತು ಗಲಿಬಿಲಿ ಜಾಸ್ತಿ. ದಿನದ ಆಯಾಸ ಇರುತ್ತದೆ, ಬೆಳಕು ಕಡಿಮೆ, ನೆರಳು ಉದ್ದ. ಹಾಗಾಗಿ ನಾಲ್ಕೂವರೆಗೇ ಚಾವಡಿಯ ದೀಪ ಹಾಕಿಬಿಡುತ್ತೇವೆ. ಸ್ವಲ್ಪ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಮೊದಲ ಸಲ ನಾನು ನಿಜ ಹೇಳಿದೆ. "ನಿಮ್ಮ ಅಬ್ಬೆ ತೀರಿಹೋಗಿ 40 ವರ್ಷ ಆಯ್ತಲ್ಲ ದೊಡ್ಡಮ್ಮ." ಅವರಿಗೆ ಅದು ಆಗ ತಾನೇ ಬಂದ ಸುದ್ದಿ. ನೆಲದಲ್ಲಿ ಕೂತು ಅತ್ತರು. ಅರ್ಧ ಗಂಟೆಯಲ್ಲಿ ಅತ್ತದ್ದು ಯಾಕೆ ಎಂಬುದು ಮರೆತುಹೋಯಿತು. ದುಃಖ ಮಾತ್ರ ಹೋಗಲಿಲ್ಲ. ಆ ರಾತ್ರಿ ಗಂಜಿ ಮುಟ್ಟಲಿಲ್ಲ. ಸುದ್ದಿ ಮರೆತರೂ ಅದು ಎಬ್ಬಿಸಿದ ಸಂಕಟ ಒಳಗೆ ಉಳಿಯುತ್ತದೆ. ಇದನ್ನು ಡಾಕ್ಟರು ಆಮೇಲೆ ವಿವರಿಸಿದರು, ನಾನಂತೂ ಅಂದೇ ನೋಡಿದ್ದೆ.

ಮತ್ತೆ ಸುಳ್ಳು ಹೇಳಿ ನೋಡಿದೆ. "ನಾಳೆ ಹೋಗುವ." ಹತ್ತು ನಿಮಿಷ ಬಿಟ್ಟು ಕಟ್ಟು ಹಿಡಿದು ಮೆಟ್ಟಿಲಲ್ಲಿ ಕೂತಿದ್ದರು. ನಾಳೆ ಅಂದದ್ದು ಬಿಟ್ಟುಹೋಗಿ ಹೋಗುವ ಅಂದದ್ದು ಮಾತ್ರ ಉಳಿದಿತ್ತು. ಸುಳ್ಳು ಹೇಳಿದರೆ ಪಾಪ ಅನ್ನುವವನಲ್ಲ ನಾನು. ಆದರೆ ಆ ಸುಳ್ಳು ಕೆಲಸ ಮಾಡಲಿಲ್ಲ.

ಕಡೆಗೆ ಸರಿಹೋದದ್ದು ಇಷ್ಟು. ದೊಡ್ಡಮ್ಮನ ತವರು ಪೆರ್ಲದ ಆಚೆ, ಗುಡ್ಡದ ಬುಡದಲ್ಲಿ. ಆ ಕಡೆಯವರಿಗೆ ಸುರಂಗ ಅಂದರೆ ರೈಲು ಹೋಗುವುದಲ್ಲ, ನೀರಿನದು. ಮುರಕಲ್ಲಿನ ಗುಡ್ಡಕ್ಕೆ ಒಬ್ಬ ಆಳು ಹೋಗುವಷ್ಟು ಅಗಲ ಅಡ್ಡ ಕೊರೆದರೆ ಒಳಗೆ ಒಸರುವ ನೀರು ತಾನಾಗಿ ಹರಿದು ಬರುತ್ತದೆ. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಅದನ್ನು ಮನೆಯ ಹತ್ತಿರಕ್ಕೆ ತರುತ್ತಿದ್ದರು. ಅದರ ಕತೆ ನಾನು ದೊಡ್ಡಮ್ಮನ ಬಾಯಲ್ಲೇ ಹುಡುಗನಾಗಿದ್ದಾಗ ಕೇಳಿದ್ದೆ.

ಒಂದು ಸಂಜೆ ಅವರು ಕಟ್ಟು ಕಟ್ಟುತ್ತಿದ್ದಾಗ ನಾನು ಟಿವಿ ಬಂದ್ ಮಾಡಿದೆ. ಎದುರಿನಿಂದಲೇ ಬಂದೆ. ಹಿಂದಿನಿಂದ ಬಂದರೆ ಬೆಚ್ಚುತ್ತಾರೆ. ಕುರ್ಚಿ ಬಿಟ್ಟು ಅವರ ಮಂಚದ ಹತ್ತಿರ ಮಣೆ ಹಾಕಿ ಕೂತೆ, ಬಲಬದಿಗೆ, ಎಡಕಿವಿ ಮಂದ ಆದ್ದರಿಂದ. ನನ್ನ ಹೆಸರು ಹೇಳಿದೆ. "ಮನೆಯ ನೆನಪು ಬಂತಾ ದೊಡ್ಡಮ್ಮ" ಅಂತ ಬಾಯಿಗೆ ಬಂದದ್ದನ್ನು ನುಂಗಿದೆ. ಅದೂ ಪ್ರಶ್ನೆಯೇ ಅಲ್ವಾ. ಬದಲಿಗೆ ಹೇಳಿದೆ:

"ಅಬ್ಬೆಯ ಹತ್ತಿರ ಹೋಗಬೇಕು ಅಂತ ಆಗ್ತಾ ಉಂಟು."

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು.

"ಆ ಮನೆಯ ಸುರಂಗದ ನೀರು ಭಾರೀ ತಣ್ಣಗೆ."

ಅಷ್ಟು ಹೇಳಿ ಸುಮ್ಮನಾದೆ. ಈ ಸುಮ್ಮನಾಗುವುದೇ ನನಗೆ ಕಷ್ಟ. ಕ್ಲಾಸಿನಲ್ಲಿ ಉತ್ತರ ಬರಲು ನಾಲ್ಕು ಕ್ಷಣ ತಡವಾದರೆ ಮುಂದಿನ ಹುಡುಗನಿಗೆ ಹೋಗುತ್ತಿದ್ದೆ. ಇಲ್ಲಿ ಮನಸ್ಸಿನಲ್ಲೇ ಎಣಿಸಿದೆ. ಹತ್ತಾಯಿತು, ಹನ್ನೆರಡಾಯಿತು. ಹದಿನಾಲ್ಕಕ್ಕೆ ಮಾತು ಬಂತು: "ಬೇಸಗೆಯಲ್ಲಿಯೂ ತಣ್ಣಗೆ." ಮತ್ತೆ ಎಣಿಕೆ. "ಅಪ್ಪ ಒಳಗೆ ಹೋಗುವಾಗ ಚಿಮಣಿ ಹಿಡಿದುಕೊಂಡು ಹೋಗುವುದು. ನಾನು ಬಾಯಲ್ಲಿ ನಿಂತು ಕರೆಯುವುದು." ಸುರಂಗದ ಬಾಯಿ. ಎಂತ ಅಂತ ಕರೆಯುತ್ತಿದ್ದಿರಿ ಅಂತ ನಾನು ಕೇಳಲಿಲ್ಲ. "ಒಳಗೆ ಕತ್ತಲೆ" ಅಂದೆ ಅಷ್ಟೆ. ದಂಬೆಯಲ್ಲಿ ಎಲೆ ಸಿಕ್ಕಿ ನೀರು ನಿಂತರೆ ಬಿಡಿಸಲು ಇವರನ್ನೇ ಓಡಿಸುತ್ತಿದ್ದರಂತೆ. ಇಪ್ಪತ್ತು ನಿಮಿಷ ಹೀಗೇ ಹೋಯಿತು. ಕಟ್ಟು ಮಡಿಲಲ್ಲಿ ಇತ್ತು, ಯಾರಿಗೂ ನೆನಪಿರಲಿಲ್ಲ. ಕಾಫಿ ಬಂತು, ಕುಡಿದರು.

ನಡುವೆ ಒಂದು ಸಲ ನನ್ನನ್ನು ನನ್ನ ಅಪ್ಪನ ಹೆಸರಿನಿಂದ ಕರೆದರು. ಅಪ್ಪ ಅವರಿಗೆ ಮೈದುನ. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಅವರಿಗೆ ಬೇಕಾದದ್ದು ಪರಿಚಯದ ಒಂದು ಮುಖ. ಅದು ನನ್ನದಾದರೂ ಅಪ್ಪನದಾದರೂ ನಡೆಯುತ್ತದೆ.

ಸುರಂಗದ ಮಾತು ಎಲ್ಲ ಸಂಜೆಯೂ ನಡೆಯಲಿಲ್ಲ. ವಾರದಲ್ಲಿ ನಾಲ್ಕು ದಿನ ನಡೆದರೆ ಜಾಸ್ತಿ. ಕೆಲವು ದಿನ "ನೀನು ಬೇಡ, ಹೋಗು" ಅಂದದ್ದೂ ಉಂಟು. ಹೋಗುತ್ತಿದ್ದೆ. ಅರ್ಧ ಗಂಟೆ ಬಿಟ್ಟು ಬಂದರೆ ಹೊಸಬನ ಹಾಗೆ ಕರೆದು ಕೂರಿಸುತ್ತಿದ್ದರು. ಮರೆವಿನಲ್ಲಿ ಅದೊಂದು ಲಾಭ.

ಹಳೆಯ ಫೋಟೋ ಆಲ್ಬಂ ತರಿಸಿದ್ದು ನನಗೆ ಕೈಕೊಟ್ಟಿತು. ಎಲ್ಲರೂ ಫೋಟೋ ತೋರಿಸಿ ಅನ್ನುತ್ತಾರೆ. ಫೋಟೋ ಕೈಗೆ ಬಂದ ಕೂಡಲೇ ಮನೆಯವರ ಬಾಯಲ್ಲಿ "ಇದು ಯಾರು ಗೊತ್ತುಂಟಾ?" ಬಂದೇ ಬರುತ್ತದೆ. ಅಲ್ಲಿಗೆ ಮತ್ತೆ ಪರೀಕ್ಷೆ ಹಾಲ್. ಆಲ್ಬಂ ಕಪಾಟಿಗೆ ಹೋಯಿತು. ಬಂದ ನೆಂಟರಿಗೆ ಈಗ ಗೇಟಿನಲ್ಲೇ ಹೇಳುತ್ತೇನೆ: ಹೆಸರು ಹೇಳಿ, ಮನೆ ಯಾವುದು ಹೇಳಿ, ಗುರ್ತ ಕೇಳಬೇಡಿ. ಕೆಲವರಿಗೆ ಬೇಸರವಾಗುತ್ತದೆ. ಆಗಲಿ.

ಒಮ್ಮೆ ಮಾತ್ರ ನಾನು ಮಾತಿನಲ್ಲೇ ಎಲ್ಲ ಸರಿಮಾಡುತ್ತೇನೆ ಅಂತ ಕೂತು ಮೋಸಹೋದೆ. ಕಳೆದ ವರ್ಷ ಮಳೆಗಾಲದಲ್ಲಿ ಎರಡೇ ದಿನದಲ್ಲಿ ದೊಡ್ಡಮ್ಮ ಪೂರ್ತಿ ಬದಲಾದರು. ಹಗಲೆಲ್ಲ ತೂಕಡಿಕೆ, ರಾತ್ರಿ ಮೂಲೆಯಲ್ಲಿ ಯಾರೋ ನಿಂತಿದ್ದಾರೆ ಅನ್ನುವುದು, ಸುರಂಗ ಅಂದರೂ ಕಣ್ಣು ತಿರುಗಲಿಲ್ಲ. ಕಾಯಿಲೆ ಮುಂದುವರಿಯಿತು ಅಂತ ಒಂದು ದಿನ ಸುಮ್ಮನೆ ಕಳೆದೆ. ನನ್ನ ಹೆಂಡತಿ ಹೇಳಿದಳು: "ಮರೆವು ತಿಂಗಳುಗಟ್ಟಲೆಯಲ್ಲಿ ಬಂದದ್ದು, ಇದು ಎರಡು ದಿನದ್ದು. ಇದು ಬೇರೆ." ಮೂತ್ರ ಪರೀಕ್ಷೆ ಮಾಡಿಸಿದಾಗ ಸೋಂಕು. ವಯಸ್ಸಾದವರಿಗೆ ಜ್ವರ ಕಾಣದೆಯೂ ಹೀಗೆ ತಲೆಗೇರುತ್ತದಂತೆ. ಮಾತ್ರೆ ಕೊಟ್ಟ ಮೇಲೆ ವಾರದಲ್ಲಿ ಮೊದಲಿನ ಹಾಗಾದರು. ದಿಢೀರನೆ ಬದಲಾದರೆ ಮಣೆ ಹಾಕಿ ಕೂರುವುದಲ್ಲ, ಡಾಕ್ಟರಲ್ಲಿಗೆ ಓಡುವುದು.

ಈ ವರ್ಷ ಮಾತು ಕಡಿಮೆಯಾಗಿದೆ. ಒಂದು ವಾಕ್ಯ ಪೂರ್ತಿ ಮಾಡುವುದು ಅಪರೂಪ. ನಾನೂ ವಾಕ್ಯ ಗಿಡ್ಡ ಮಾಡಿದ್ದೇನೆ. "ಕಾಫಿಯಾ, ಹಾಲಾ?" ಅಂತ ಎರಡೇ ಆಯ್ಕೆ, ಎರಡು ಲೋಟವೂ ಕಣ್ಣೆದುರು. ಮುಖ ನೋಡಿ ಕೂರುವುದಕ್ಕಿಂತ ಒಟ್ಟಿಗೆ ಕೈಕೆಲಸ ಮಾಡುತ್ತಾ ಕೂರುವುದು ಈಗ ಸುಲಭ. ಸುಲಿದ ಅಡಿಕೆಯ ಒಂದು ಮೊರ ನಮ್ಮಿಬ್ಬರ ನಡುವೆ ಇಟ್ಟುಕೊಳ್ಳುತ್ತೇವೆ. ಒಳ್ಳೆಯದು ಒಂದು ರಾಶಿ, ಒಡೆದ ಪಟೋರ ಒಂದು, ಕಪ್ಪಾದ ಕರಿಗೋಟು ಒಂದು. ಮಾತು ಹೋದರೂ ಅವರ ಬೆರಳಿಗೆ ಇನ್ನೂ ಗೊತ್ತುಂಟು. ಅಡಿಕೆ ಹಿಡಿದು ಒಮ್ಮೆ ತಿರುಗಿಸಿದರೆ ಸಾಕು, ಎಲ್ಲಿಗೆ ಅಂತ ತೀರ್ಮಾನ.

ಮೊನ್ನೆ ನಾನು ಬೇರೇನೋ ಯೋಚಿಸುತ್ತಾ ಬಿರುಕು ಬಿಟ್ಟ ಒಂದು ಅಡಿಕೆಯನ್ನು ಒಳ್ಳೆಯ ರಾಶಿಗೆ ಹಾಕಿದೆ. ದೊಡ್ಡಮ್ಮ ಅದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ನಾನು ಕಾದೆ. ತುಂಬ ಹೊತ್ತು ಕಾದೆ.

"ಮಾಷ್ಟ್ರಿಗೆ ಗೊತ್ತಿಲ್ಲೆ" ಅಂದರು, ಪಕ್ಕದಲ್ಲಿ ಯಾರಿಗೋ ಹೇಳುವ ಹಾಗೆ.