ಮ್ಯಾಪ್ ಆರಿಸುವ ಮುನ್ನ ಲೆಕ್ಕ ಹಾಕುವುದು ಹೇಗೆ?

ಐದೈದು ಆಟಗಾರರ ತಂಡಗಳು ಆಡುವ ಶೂಟಿಂಗ್ ವಿಡಿಯೊ ಗೇಮ್ ವ್ಯಾಲರಂಟ್‌ನ ಅಂತರ ಕಾಲೇಜು ಪಂದ್ಯಾವಳಿಗಳಲ್ಲಿ ನಾನು ಮತ್ತೆ ಮತ್ತೆ ನೋಡಿರುವ ದೃಶ್ಯವೊಂದಿದೆ. ಮ್ಯಾಪ್, ಅಂದರೆ ಪಂದ್ಯ ನಡೆಯುವ ಕಣ, ಆರಿಸುವ ಸರದಿ ಬಂದಾಗ ನಾಯಕ ಮೊಬೈಲ್ ತೆರೆದು, ‘ಬೈಂಡ್‌ನಲ್ಲಿ ನಾವು ಒಮ್ಮೆಯೂ ಸೋತಿಲ್ಲ’ ಎಂದು ಹೇಳಿ ಅದನ್ನೇ ಆರಿಸುತ್ತಾನೆ. ಆ ತಂಡ ಬೈಂಡ್‌ನಲ್ಲಿ ಆಡಿರುವುದು ಮೂರೇ ಪಂದ್ಯ ಎಂಬುದನ್ನು ಯಾರೂ ಕೇಳುವುದಿಲ್ಲ. ಗೆಲುವಿನ ಪ್ರಮಾಣ ಉಪಯುಕ್ತವಾದ ಅಂಕಿಯೇ. ಆದರೆ ಕಾಲೇಜು ತಂಡದ ಕೈಯಲ್ಲಿರುವ ಪಂದ್ಯಗಳ ಸಂಖ್ಯೆ ಬಹಳ ಕಡಿಮೆ ಇರುವುದರಿಂದ, ಅದನ್ನು ಇದ್ದಂತೆಯೇ ಬಳಸಿದರೆ ದಾರಿ ತಪ್ಪುತ್ತದೆ.

ಮೊದಲು ಕ್ರಮವನ್ನು ತಿಳಿದುಕೊಳ್ಳಿ. ಮೂರು ಮ್ಯಾಪ್‌ಗಳ ಸರಣಿಯಲ್ಲಿ ಸಾಮಾನ್ಯವಾಗಿ ಏಳು ಮ್ಯಾಪ್‌ಗಳ ಪಟ್ಟಿಯಿಂದ ಎರಡೂ ತಂಡಗಳು ಒಂದೊಂದನ್ನು ಬ್ಯಾನ್ ಮಾಡುತ್ತವೆ, ನಂತರ ಒಂದೊಂದನ್ನು ಆರಿಸುತ್ತವೆ, ಮತ್ತೆ ಒಂದೊಂದನ್ನು ಬ್ಯಾನ್ ಮಾಡುತ್ತವೆ. ಉಳಿದ ಏಳನೆಯದು ನಿರ್ಣಾಯಕ ಮ್ಯಾಪ್ ಆಗುತ್ತದೆ. ಒಂದು ತಂಡ ಮ್ಯಾಪ್ ಆರಿಸಿದರೆ, ಅಟ್ಯಾಕ್‌ನಿಂದ ಆರಂಭಿಸಬೇಕೋ ಡಿಫೆನ್ಸ್‌ನಿಂದ ಆರಂಭಿಸಬೇಕೋ ಎಂಬುದನ್ನು ಎದುರಾಳಿ ನಿರ್ಧರಿಸುತ್ತದೆ. ಪಟ್ಟಿ ಆಗಾಗ ಬದಲಾಗುವುದರಿಂದ ನಿಮ್ಮ ಪಂದ್ಯಾವಳಿಯ ನಿಯಮಾವಳಿಯನ್ನು ಓದಿಕೊಳ್ಳಿ. ಇಲ್ಲಿನ ಉದಾಹರಣೆಗೆ ನಾನು ಅಸೆಂಟ್, ಬೈಂಡ್, ಹೇವನ್, ಲೋಟಸ್, ಸನ್‌ಸೆಟ್, ಐಸ್‌ಬಾಕ್ಸ್ ಮತ್ತು ಅಬಿಸ್ ಇರುವ ಪಟ್ಟಿಯನ್ನು ತೆಗೆದುಕೊಂಡಿದ್ದೇನೆ.

ದಾಖಲೆಗೆ ಒಂದು ಸ್ಪ್ರೆಡ್‌ಶೀಟ್ ಸಾಕು. ಪ್ರತಿ ಪಂದ್ಯಕ್ಕೂ ಒಂದು ಸಾಲಿನಲ್ಲಿ ದಿನಾಂಕ, ಮ್ಯಾಪ್, ಅದನ್ನು ಆರಿಸಿದ ತಂಡ, ಫಲಿತಾಂಶ ಮತ್ತು ಆಡಿದ ಐವರ ಹೆಸರು ಇರಲಿ. ಈಗಿನ ಐವರಲ್ಲಿ ನಾಲ್ವರಾದರೂ ಆಡಿರದ ಪಂದ್ಯವನ್ನು ನಾನು ಲೆಕ್ಕಕ್ಕೆ ಸೇರಿಸುವುದೇ ಇಲ್ಲ, ನೀವೂ ಸೇರಿಸಬೇಡಿ. ಬೇರೆ ತಂಡಗಳೊಂದಿಗಿನ ಅಭ್ಯಾಸ ಪಂದ್ಯಗಳಾದ ಸ್ಕ್ರಿಮ್‌ಗಳಲ್ಲಿ ಅನೇಕ ವೇಳೆ 24 ರೌಂಡ್‌ಗಳನ್ನೂ ಪೂರ್ತಿ ಆಡುವುದರಿಂದ, ಅಲ್ಲಿ ಪಂದ್ಯ ಗೆಲ್ಲಲು ಬೇಕಾದ 13 ರೌಂಡ್‌ಗಳನ್ನು ಮೊದಲು ಗೆದ್ದವರು ಯಾರು ಎಂಬುದನ್ನು ಬರೆದುಕೊಳ್ಳಬೇಕು. ಆಟಗಾರರು ಒಬ್ಬೊಬ್ಬರಾಗಿ ಆಡಿದ ರ್‍ಯಾಂಕ್ ಪಂದ್ಯಗಳನ್ನೆಲ್ಲ ಒಟ್ಟುಗೂಡಿಸಿ ‘ತಂಡದ ವಿಶ್ಲೇಷಣೆ’ ಎಂದು ಮಾರುವ ಆ್ಯಪ್‌ಗಳಿಗೆ ದುಡ್ಡು ಕೊಡಬೇಡಿ. ನಿಮ್ಮ ಐವರು ಒಟ್ಟಿಗೆ ಹೇಗೆ ಆಡುತ್ತಾರೆ ಎಂಬುದು ಆ ಅಂಕಿಗಳಲ್ಲಿ ಇರುವುದೇ ಇಲ್ಲ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ನಮ್ಮ ತಂಡ ಬೈಂಡ್‌ನಲ್ಲಿ ಮೂರಕ್ಕೆ ಮೂರು ಗೆದ್ದಿದೆ, ಅಸೆಂಟ್‌ನಲ್ಲಿ 16ಕ್ಕೆ 12 ಗೆದ್ದಿದೆ ಎಂದುಕೊಳ್ಳೋಣ. ನೇರ ಲೆಕ್ಕದಲ್ಲಿ ಬೈಂಡ್ ಶೇ 100, ಅಸೆಂಟ್ ಶೇ 75. ಆದರೆ ಸಮಬಲದ ತಂಡವೂ ಎಂಟು ಸಲಕ್ಕೆ ಒಂದು ಸಲ, ಬರೀ ಅದೃಷ್ಟದಿಂದಲೇ, ಮೂರು ಪಂದ್ಯಗಳನ್ನು ಸತತವಾಗಿ ಗೆಲ್ಲಬಲ್ಲದು. ಇದನ್ನು ಸರಿಪಡಿಸಲು ಪ್ರತಿ ಮ್ಯಾಪ್‌ಗೂ ಹತ್ತು ಕಾಲ್ಪನಿಕ ಪಂದ್ಯಗಳನ್ನು ಸೇರಿಸಿ, ಅವುಗಳಲ್ಲಿ ಐದು ಗೆಲುವು, ಐದು ಸೋಲು ಎಂದು ಭಾವಿಸಬೇಕು. ಇನ್ನೊಂದು ಹಾಳೆಯಲ್ಲಿ ಪ್ರತಿ ಮ್ಯಾಪ್‌ಗೂ ಒಂದು ಸಾಲಿಟ್ಟು, B ಕಾಲಂನಲ್ಲಿ ಒಟ್ಟು ಗೆಲುವು, C ಕಾಲಂನಲ್ಲಿ ಆಡಿದ ಒಟ್ಟು ಪಂದ್ಯಗಳಿದ್ದರೆ ಸೂತ್ರ ಹೀಗಿರುತ್ತದೆ:

```
=(B2+5)/(C2+10)
```

ಈಗ ಬೈಂಡ್ 13ಕ್ಕೆ 8, ಅಂದರೆ ಶೇ 62. ಅಸೆಂಟ್ 26ಕ್ಕೆ 17, ಅಂದರೆ ಶೇ 65. ಪಂದ್ಯ ಕಡಿಮೆ ಇದ್ದಷ್ಟೂ ಅಂಕಿ ಅರ್ಧದ ಕಡೆಗೆ ಬಲವಾಗಿ ಎಳೆಯಲ್ಪಡುತ್ತದೆ, ಪಂದ್ಯ ಹೆಚ್ಚಿದಂತೆ ತಂಡದ ನಿಜವಾದ ಸಾಧನೆ ಮೇಲುಗೈ ಪಡೆಯುತ್ತದೆ. ಹತ್ತರ ಬದಲು ನಾಲ್ಕನ್ನು ಸೇರಿಸುವವರೂ ಇದ್ದಾರೆ. ಹಾಗೆ ಮಾಡಿದರೆ ಆ ಮೂರು ಪಂದ್ಯಗಳ ಬೈಂಡ್ ಮತ್ತೆ ಅಸೆಂಟನ್ನು ಹಿಂದಿಕ್ಕುತ್ತದೆ. ಆದ್ದರಿಂದ ಕಾಲೇಜು ತಂಡಕ್ಕೆ ಹತ್ತೇ ಇರಲಿ ಎಂಬುದು ನನ್ನ ಮಾತು.

ಹಾಗಾದರೆ ಅಸೆಂಟನ್ನೇ ಆರಿಸಬೇಕೇ? ಬೇಡ. ಇದೇ ಸೂತ್ರವನ್ನು ಎದುರಾಳಿಯ ದಾಖಲೆಗೂ ಹಾಕಿ, ನಮ್ಮ ಅಂಕಿಯಿಂದ ಅವರ ಅಂಕಿಯನ್ನು ಕಳೆಯಬೇಕು. ಆರಿಸುವುದು ಈ ಅಂತರವನ್ನು ನೋಡಿಯೇ ಹೊರತು ನಮ್ಮ ಅಂಕಿಯನ್ನಷ್ಟೇ ನೋಡಿಯಲ್ಲ. ಎದುರಾಳಿ ಅಸೆಂಟ್‌ನಲ್ಲಿ 12ಕ್ಕೆ 10 ಗೆದ್ದಿದ್ದರೆ ಅವರದು ಶೇ 68. ನಮ್ಮ ಅತ್ಯುತ್ತಮ ಮ್ಯಾಪ್‌ನಲ್ಲೇ ನಾವು ಮೂರು ಅಂಶ ಹಿಂದಿದ್ದೇವೆ. ಬೈಂಡ್‌ನಲ್ಲಿ ಅವರು ಹತ್ತಕ್ಕೆ ನಾಲ್ಕು ಗೆದ್ದು ಶೇ 45ರಲ್ಲಿದ್ದರೆ ನಾವು 17 ಅಂಶ ಮುಂದಿದ್ದೇವೆ. ಉಳಿದವುಗಳಲ್ಲಿ ಸನ್‌ಸೆಟ್‌ನಲ್ಲಿ ಆರು ಅಂಶ ಮುಂದೆ, ಹೇವನ್‌ನಲ್ಲಿ ಸಮ, ಐಸ್‌ಬಾಕ್ಸ್‌ನಲ್ಲಿ 17 ಮತ್ತು ಲೋಟಸ್‌ನಲ್ಲಿ 19 ಅಂಶ ಹಿಂದೆ ಇದ್ದೇವೆ ಎಂದಿಟ್ಟುಕೊಳ್ಳಿ. ಅಬಿಸ್‌ನಲ್ಲಿ ಅವರು ಆಡಿಯೇ ಇಲ್ಲ, ಏಕೆಂದರೆ ಪ್ರತಿ ಸಲವೂ ಅದನ್ನೇ ಮೊದಲು ಬ್ಯಾನ್ ಮಾಡುತ್ತಾರೆ. ಸೂತ್ರ ಅಲ್ಲಿ ಶೇ 50 ಎಂದು ತೋರಿಸುತ್ತದೆ, ಅದನ್ನು ನಂಬಬೇಡಿ. ಎದುರಾಳಿಯ ಮೊದಲ ಬ್ಯಾನ್ ಯಾವುದು ಎಂಬ ಒಂದು ಸಂಗತಿ ಹತ್ತು ಶೇಕಡಾವಾರುಗಳಿಗಿಂತ ಹೆಚ್ಚು ಹೇಳುತ್ತದೆ.

ಈಗ ಬೈಂಡ್ ಮತ್ತೆ ಮೇಲೆ ಬಂತಲ್ಲ, ನಾಯಕನ ಮಾತೇ ಸರಿಯಾಗಿತ್ತಲ್ಲ ಎಂದು ನೀವು ಕೇಳಬಹುದು. ಆಯ್ಕೆ ಅದೇ ಇರಬಹುದು, ಆದರೆ ಕಾರಣ ಬೇರೆ: ನಾವು ಅಲ್ಲಿ ಅಜೇಯರು ಎಂಬುದಕ್ಕಲ್ಲ, ಅವರು ಅಲ್ಲಿ ದುರ್ಬಲರು ಎಂಬುದಕ್ಕೆ. ಆ ಕಾರಣ ಎಷ್ಟು ಗಟ್ಟಿ ಎಂದು ಪರೀಕ್ಷಿಸಲು ನಮ್ಮ ಒಂದು ಗೆಲುವನ್ನು ಸೋಲಾಗಿ ಬದಲಿಸಿ ನೋಡಿ. ಬೈಂಡ್ ಶೇ 54ಕ್ಕೆ ಇಳಿಯುತ್ತದೆ, ಅಂತರ ಒಂಬತ್ತಾಗುತ್ತದೆ, ಆದರೂ ಅದೇ ಮೊದಲ ಸ್ಥಾನದಲ್ಲಿರುತ್ತದೆ. ಎರಡನ್ನು ಬದಲಿಸಿದರೆ ಸನ್‌ಸೆಟ್ ಮುಂದೆ ಹೋಗುತ್ತದೆ. ಅಂದರೆ ಪಂದ್ಯಕ್ಕೆ ಮುಂಚಿನ ವಾರದಲ್ಲಿ ಬೈಂಡ್‌ನಲ್ಲಿ ಇನ್ನೆರಡು ಸ್ಕ್ರಿಮ್ ಆಡಿಯೇ ತೀರ್ಮಾನಿಸಬೇಕು. ಒಂದೇ ಪಂದ್ಯವನ್ನು ಬದಲಿಸಿದಾಗ ಮೇಲೆ ಕೆಳಗೆ ಆಗುವ ಮ್ಯಾಪ್‌ಗಳನ್ನು ಸಮವೆಂದೇ ಪರಿಗಣಿಸಿ, ಅಲ್ಲಿ ಆಟಗಾರರ ಇಷ್ಟಕ್ಕೆ ಬಿಡಿ.

ಬ್ಯಾನ್‌ಗಳ ವಿಷಯದಲ್ಲಿ, ಮೊದಲ ಬ್ಯಾನ್ ಮತ್ತು ಎರಡನೆಯ ಬ್ಯಾನ್ ಒಂದೇ ಕೆಲಸಕ್ಕಲ್ಲ. ಮೊದಲನೆಯದು ಎದುರಾಳಿ ಆರಿಸಬಹುದಾದ ಮ್ಯಾಪನ್ನು ತಡೆಯಲು, ಎರಡನೆಯದು ನಿರ್ಣಾಯಕವಾಗಿ ಉಳಿಯಬಾರದ ಮ್ಯಾಪನ್ನು ತೆಗೆಯಲು. ನಮ್ಮ ಉದಾಹರಣೆಯಲ್ಲಿ ಲೋಟಸ್ ಮೊದಲು ಹೋಗಬೇಕು. ಅವರು ಎಂದಿನಂತೆ ಅಬಿಸ್ ತೆಗೆಯುತ್ತಾರೆ, ನಾವು ಬೈಂಡ್ ಆರಿಸುತ್ತೇವೆ. ಅವರು ತಮ್ಮ ದೊಡ್ಡ ಅಂಕಿಯನ್ನು ನೋಡಿ ಅಸೆಂಟ್ ಆರಿಸಿದರೆ ನಮಗೆ ಹೆಚ್ಚು ನಷ್ಟವಿಲ್ಲ. ಎರಡನೆಯ ಬ್ಯಾನ್ ಐಸ್‌ಬಾಕ್ಸ್‌ಗೆ ಹೋಗುತ್ತದೆ. ಉಳಿದ ಹೇವನ್ ಮತ್ತು ಸನ್‌ಸೆಟ್‌ನಲ್ಲಿ ಅವರು ಯಾವುದನ್ನು ತೆಗೆದರೂ ನಿರ್ಣಾಯಕ ಮ್ಯಾಪ್‌ನಲ್ಲಿ ನಾವು ಹಿಂದಿರುವುದಿಲ್ಲ. ಅವರೂ ಲೆಕ್ಕ ಮಾಡಿ ಐಸ್‌ಬಾಕ್ಸನ್ನೇ ಆರಿಸಿದರೆ ಆ ಒಂದು ಮ್ಯಾಪ್ ಕಷ್ಟವಾಗುತ್ತದೆ. ಆಗ ನಮ್ಮ ಎರಡನೆಯ ಬ್ಯಾನ್ ಅಸೆಂಟ್‌ಗೆ ಹೋಗಬೇಕು. ನಮ್ಮ ಅತಿ ಹೆಚ್ಚು ಅಂಕಿಯ ಮ್ಯಾಪನ್ನು ನಾವೇ ತೆಗೆಯಲು ಮನಸ್ಸು ಒಪ್ಪುವುದಿಲ್ಲ, ಆದರೆ ಅಲ್ಲಿ ಅವರು ನಮಗಿಂತ ಮೇಲಿದ್ದಾರೆ ಎಂಬುದನ್ನು ಮರೆಯಬಾರದು.

ಅಟ್ಯಾಕ್, ಡಿಫೆನ್ಸ್ ಆಯ್ಕೆಗಾಗಿ ಗಂಟೆಗಟ್ಟಲೆ ವಾದ ಬೇಡ. ಎರಡೂ ತಂಡಗಳು ಎರಡೂ ಕಡೆ ಹನ್ನೆರಡು ಹನ್ನೆರಡು ರೌಂಡ್ ಆಡುವುದರಿಂದ, ಒಂದು ರೌಂಡ್ ಇನ್ನೊಂದರ ಮೇಲೆ ಪರಿಣಾಮ ಬೀರುವುದಿಲ್ಲವೆಂದಾದರೆ ಆರಂಭ ಎಲ್ಲಿಂದಾದರೂ ಗೆಲುವಿನ ಸಾಧ್ಯತೆ ಬದಲಾಗುವುದಿಲ್ಲ. ಆಟದೊಳಗಿನ ಹಣದ ಲೆಕ್ಕ ಮತ್ತು ಹುಡುಗರ ಉತ್ಸಾಹ ಇರುವುದರಿಂದ ಸ್ವಲ್ಪ ವ್ಯತ್ಯಾಸ ಉಂಟಾಗಬಹುದು, ಅಷ್ಟೇ. ಹೆಚ್ಚು ರೌಂಡ್ ಗೆಲ್ಲುವ ಕಡೆಯಿಂದ ಆರಂಭಿಸಿ.

ಕೊನೆಗೆ, ಈ ಇಡೀ ಸರದಿಯನ್ನು ಒಂದೇ ಹಾಳೆಯಲ್ಲಿ ‘ಅವರು ಇದನ್ನು ಆರಿಸಿದರೆ ನಾವು ಅದನ್ನು’ ಎಂಬ ರೀತಿಯಲ್ಲಿ ಎರಡು ಪ್ರತಿ ಬರೆಯಿರಿ: ನೀವು ಮೊದಲು ಬ್ಯಾನ್ ಮಾಡುವ ಸಂದರ್ಭಕ್ಕೆ ಒಂದು, ಅವರು ಮೊದಲು ಮಾಡುವ ಸಂದರ್ಭಕ್ಕೆ ಇನ್ನೊಂದು. ಯಾರಿಗೆ ಮೊದಲ ಸರದಿ ಎಂಬುದು ಟಾಸ್‌ನಿಂದ ತೀರ್ಮಾನವಾಗುವುದಾದರೆ, ಹಾಳೆ ತಿರುವಿ ಹಾಕುವುದಷ್ಟೇ ಆ ಹೊತ್ತಿನಲ್ಲಿ ನಾಯಕನಿಗೆ ಉಳಿಯುವ ಕೆಲಸ.