ಯುಟಿಲಿಟಿಯಲ್ಲಿ ಕಪಾಟು ಮಾಡಿಸುವ ಮೊದಲು ಮೆಷಿನ್ ಅಳೆಯಿರಿ

ಬಡಗಿಯನ್ನು ಕರೆಸುವ ಮೊದಲು ಟೇಪು ಹಿಡಿದು ವಾಷಿಂಗ್ ಮೆಷಿನ್ ಅಳೆಯಿರಿ. ಮುಂದೆ ಬಾಗಿಲಿರುವ ಮೆಷಿನ್ ಸಾಮಾನ್ಯವಾಗಿ 60 ಸೆಂ.ಮೀ. ಅಗಲ, 85 ಸೆಂ.ಮೀ. ಎತ್ತರ ಇರುತ್ತದೆ. ಆಳ 60 ಇದ್ದರೆ ಗೋಡೆಯಿಂದ ಮೆಷಿನ್ನಿನ ಮುಂಭಾಗದವರೆಗೆ 70 ಸೆಂ.ಮೀ. ಜಾಗ ಬಿಡಿ. ಹಿಂದೆ ಪೈಪು ಮಡಚಿಕೊಂಡರೆ ನೀರು ಸರಿಯಾಗಿ ಹೊರಹೋಗುವುದಿಲ್ಲ, ಮೆಷಿನ್ ನಡುವೆಯೇ ನಿಂತುಬಿಡುತ್ತದೆ. ನಲ್ಲಿ ಮೆಷಿನ್ನಿನ ಹಿಂದೆ ಬೇಡ, ಪಕ್ಕದ ಗೋಡೆಯಲ್ಲಿ ಕೈಗೆಟುಕುವಂತಿರಲಿ. ಸೋರಿದಾಗ ಆ ಭಾರವನ್ನು ಎಳೆದು ನಲ್ಲಿ ಹುಡುಕುವ ಪಾಡು ಯಾರಿಗೂ ಬೇಡ! ಮೇಲೆ ಮುಚ್ಚಳವಿರುವ ಮೆಷಿನ್ ಆದರೆ, ಮುಚ್ಚಳವನ್ನು ಪೂರ್ತಿ ತೆರೆದು ನೆಲದಿಂದ ಅದರ ತುದಿಯವರೆಗೆ ಅಳೆದು, ಅದಕ್ಕಿಂತ ಮೇಲೆಯೇ ಕಪಾಟು ಶುರುವಾಗಲಿ.

ಮಾಪ್ ಕಣ್ಣಿಗೆ ಕಾಣಬಾರದೆಂದು ಅದನ್ನೂ ಕಪಾಟಿನೊಳಗೆ ಸೇರಿಸುವವರಿದ್ದಾರೆ. ಒದ್ದೆ ಮಾಪ್ ಮುಚ್ಚಿದ ಜಾಗದಲ್ಲಿ ಒಣಗುವುದಿಲ್ಲ. ಬಾಗಿಲು ತೆರೆದೊಡನೆ ಮುಗ್ಗಲು ವಾಸನೆ ಬಂದರೆ ಕಾರಣ ಅದೇ. ನೀರು ಹೋಗುವ ಜಾಲರಿಯ ಬಳಿ ಗೋಡೆಗೆ ಕ್ಲಿಪ್ ಹಾಕಿ, ಬಟ್ಟೆ ಕೆಳಗಾಗಿ, ನೆಲಕ್ಕೆ ತಾಗದಂತೆ ತೂಗುಹಾಕಿ. ಒಣ ಪೊರಕೆ ಒಳಗಿದ್ದರೆ ತೊಂದರೆಯಿಲ್ಲ.

ನೆಲದ ಕಪಾಟಿಗೆ 10 ಸೆಂ.ಮೀ. ಎತ್ತರದ ಪ್ಲಾಸ್ಟಿಕ್ ಅಥವಾ ಸ್ಟೀಲ್ ಕಾಲುಗಳಿರಲಿ. ಪ್ಲೈವುಡ್ಡಿನ ಕೆಳ ಅಂಚು ಉಬ್ಬಲು ಶುರುವಾಯಿತೆಂದರೆ ಮತ್ತೆ ಸರಿಹೋಗುವುದಿಲ್ಲ.