ಮನೆ ಸಾಲದ ಕಂತು ನಿಂತ್ರೆ: ನೋಟಿಸಿಂದ ಹರಾಜಿನವರೆಗೆ ಏನಾಗುತ್ತೆ

ಎರಡ್ಮೂರು ಕಂತು ಬಾಕಿ ಆದ್ರೆ ಬ್ಯಾಂಕಿನೋರು ಬಂದು ಬೀಗ ಹಾಕ್ತಾರೆ ಅಂತ ಹೆದರೋರು ಕೆಲವ್ರು, ಹರಾಜಿನ ದಿನ ದುಡ್ಡು ತಗೊಂಡ್ಹೋದ್ರೆ ಮನೆ ಬಿಡಿಸ್ಕೋಬೋದು ಅಂತ ಆರಾಮಾಗಿರೋರು ಇನ್ನು ಕೆಲವ್ರು. ಎರಡೂ ತಪ್ಪು, ಮನೆ ಕಳೆಯೋದು ಮಾತ್ರ ಎರಡನೇ ನಂಬಿಕೆ.

ಶಿವಮೊಗ್ಗದ ವಿನೋಬನಗರದಲ್ಲಿ ಮನೆ, ತೀರ್ಥಹಳ್ಳಿ ಕಡೆ ಅಡಿಕೆ ತೋಟ ಇರೋರೊಬ್ರು ಅನ್ಕೊಳ್ಳಿ. ಎಲೆಚುಕ್ಕಿ ರೋಗಕ್ಕೆ ಫಸಲು ಹೋಯ್ತು, ಜನವರಿ 5ರ ಕಂತಿಂದ ಕಟ್ಟೋದು ನಿಂತ್ಹೋಯ್ತು. 90 ದಿನ ದಾಟಿದ್ಮೇಲೆ, ಅಂದ್ರೆ ಏಪ್ರಿಲ್ ಮೊದಲ ವಾರದಲ್ಲಿ, ಸಾಲ ಎನ್‌ಪಿಎ ಆಗುತ್ತೆ, ಅಂದ್ರೆ ವಸೂಲಾಗದ ಸಾಲ ಅಂತ ಬ್ಯಾಂಕು ಲೆಕ್ಕಕ್ಕೆ ಹಾಕುತ್ತೆ. ಆಮೇಲೆ, ಅಡವಿಟ್ಟ ಆಸ್ತಿ ಮಾರಿ ಬ್ಯಾಂಕು ಸಾಲ ವಸೂಲಿ ಮಾಡೋಕೆ ಇರೋ 2002ರ ಸರ್ಫೇಸಿ ಕಾಯ್ದೆ ಪ್ರಕಾರ, ಪೂರ್ತಿ ಸಾಲ 60 ದಿನದಲ್ಲಿ ಕಟ್ಟಿ ಅಂತ ನೋಟಿಸ್ ಬರುತ್ತೆ. ಏಪ್ರಿಲ್ 15ಕ್ಕೆ ಕೈಗೆ ಬಂತು ಅಂದ್ರೆ ಜೂನ್ 14ರವರೆಗೆ ಟೈಮು.

ಈ ನೋಟಿಸನ್ನ ಬೀರುವಿನಲ್ಲಿಟ್ಟು ಸುಮ್ನಿರೋರೇ ಜಾಸ್ತಿ. ಲೆಕ್ಕ ತಪ್ಪಿದ್ರೆ, ಕಟ್ಟಿದ್ದು ಜಮಾ ಆಗಿಲ್ದೇ ಇದ್ರೆ ಬರೆದು ಕೊಡಿ, ಬ್ಯಾಂಕು 15 ದಿನದಲ್ಲಿ ಕಾರಣ ಸಮೇತ ಉತ್ತರ ಕೊಡ್ಲೇಬೇಕು. ಬಾಯಲ್ಲಿ ಹೇಳ್ಬಂದ್ರೆ ಅದಕ್ಕೆ ಲೆಕ್ಕ ಇಲ್ಲ, ಅರ್ಜಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಂಡು ಬನ್ನಿ.

ಮುಂದಿನದು ಸ್ವಾಧೀನ. ಜೂನ್ 20ಕ್ಕೆ ಬಾಗಿಲಿಗೆ ನೋಟಿಸ್ ಅಂಟಿಸ್ತಾರೆ, ಎರಡು ಪೇಪರಲ್ಲೂ ಹಾಕ್ತಾರೆ. ಮನೆಯವ್ರು ಇನ್ನೂ ಒಳಗೇ ಇರ್ತಾರೆ, ಇದು ಕಾಗದದ ಮೇಲಿನ ಸ್ವಾಧೀನ ಅಷ್ಟೇ, ನಿಜವಾಗ್ಲೂ ಖಾಲಿ ಮಾಡಿಸೋಕೆ ಸಾಮಾನ್ಯವಾಗಿ ಜಿಲ್ಲಾಧಿಕಾರಿ ಆದೇಶ ತರ್ತಾರೆ. ಇದನ್ನ ಪ್ರಶ್ನೆ ಮಾಡೋದಿದ್ರೆ 45 ದಿನದೊಳಗೆ, ಅಂದ್ರೆ ಆಗಸ್ಟ್ 4ರೊಳಗೆ, ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗ್ಬೇಕು, ಇಲ್ಲಿನ ಸಿವಿಲ್ ಕೋರ್ಟಲ್ಲಿ ಸ್ಟೇ ತರ್ತೀನಿ ಅಂತ ಓಡಾಡಿ ಆ ದಿನಗಳನ್ನ ಕಳ್ಕೋಬೇಡಿ, ಈ ಕಾಯ್ದೆ ವಿಷಯದಲ್ಲಿ ಅವ್ರಿಗೆ ಅಧಿಕಾರ ಇಲ್ಲ.

ಆಮೇಲೆ ಹರಾಜಿನ ನೋಟಿಸ್. ಮೊದಲ ಹರಾಜಿಗೆ 30 ದಿನ ಗಡುವು ಕೊಡ್ಬೇಕು. ಆಗಸ್ಟ್ 10ಕ್ಕೆ ಪೇಪರಲ್ಲಿ ಬಂತು, ಹರಾಜು ಸೆಪ್ಟೆಂಬರ್ 12ಕ್ಕೆ ಅಂತಿಟ್ಕೊಳ್ಳಿ, ತೋಟ ಮಾರಿಯಾದ್ರೂ ದುಡ್ಡು ತರೋಣ ಇನ್ನೂ ಒಂದು ತಿಂಗಳಿದೆ ಅನ್ಸುತ್ತೆ. ಇಲ್ಲ. 2016ರ ತಿದ್ದುಪಡಿ ಆದ್ಮೇಲೆ ಬಾಕಿ, ಖರ್ಚು ಎಲ್ಲಾ ಕಟ್ಟಿ ಮನೆ ಬಿಡಿಸ್ಕೊಳ್ಳೋ ಹಕ್ಕು ಹರಾಜು ನೋಟಿಸ್ ಪ್ರಕಟ ಆಗೋದ್ರೊಳಗೆ ಮುಗಿಯುತ್ತೆ, 2023ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ಹಾಗಾಗಿ ಇವ್ರ ಕೊನೇ ದಿನ ಆಗಸ್ಟ್ 9, ಸೆಪ್ಟೆಂಬರ್ 11 ಅಲ್ಲ. ಆಮೇಲೆ ಬ್ಯಾಂಕು ಮನಸ್ಸು ಮಾಡಿದ್ರೆ ಉಂಟು, ಹಕ್ಕು ಅಂತ ಕೇಳೋಕಾಗಲ್ಲ.

ಇನ್ನೊಂದು ನಮ್ಮ ಕಡೆಯವ್ರಿಗೆ: ಕೃಷಿ ಜಮೀನು ಅಡವಿಟ್ಟಿದ್ರೆ ಈ ಕಾಯ್ದೆ ಅದಕ್ಕೆ ಅನ್ವಯ ಆಗಲ್ಲ, ಬ್ಯಾಂಕು ಬೇರೆ ಕಾನೂನಿನ ದಾರಿ ಹಿಡೀಬೇಕು. ಪಹಣಿಯಲ್ಲಿ ಮಾತ್ರ ತೋಟ ಅಂತಿದ್ರೆ ಸಾಲ್ದು, ನಿಜವಾಗ್ಲೂ ಬೇಸಾಯ ನಡೀತಿರ್ಬೇಕು.

ಹರಾಜಲ್ಲಿ 30 ಲಕ್ಷ ಬಂದು, ಬಾಕಿ ಖರ್ಚು ಸೇರಿ 24 ಲಕ್ಷ ಆಗಿದ್ರೆ, ಉಳಿದ 6 ಲಕ್ಷ ಸಾಲಗಾರರದ್ದು, ಕೇಳಿ ತಗೊಳ್ಳಿ. 20 ಲಕ್ಷಕ್ಕೆ ಹೋದ್ರೆ ಉಳಿದ 4 ಲಕ್ಷಕ್ಕೆ ಬ್ಯಾಂಕು ಕೇಸ್ ಹಾಕ್ಬೋದು, ಜಾಮೀನು ಹಾಕಿದವ್ರ ಮೇಲೂ.